ಅತ್ತಿಗೆಯ ಆವರಣ ಚಿಹ್ನೆಗಳು

ನಮ್ಮ ಅತ್ತಿಗೆ ಅರಬ್ಬಿ ಅನುವಾದಕಿ. ಒಂದು ಮಾತಿಗೆ ನಾಲ್ಕು ಮಾತಿನ ವಿವರಣೆ ಕೊಡದೆ ಬಿಡುವವರಲ್ಲ. ನಾವಿರುವ ಅರಬ್ ದೇಶದ ಕನ್ನಡ ಸಂಘದ ಹಬ್ಬದ ಪೋಸ್ಟರನ್ನು ಅರಬ್ಬಿಗೆ ತಂದಾಗಲೂ ‘ದೀಪಾವಳಿ’ಯ ಪಕ್ಕದ ಆವರಣದಲ್ಲಿ ಎಣ್ಣೆ, ಬತ್ತಿ ಸಮೇತ ಐದು ಸಾಲು ಬರೆದಿದ್ದರು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಪದಕ್ಕೆ ಪದವಿಟ್ಟು, ಕೆಳಗೆ ಉದ್ದದ ಟಿಪ್ಪಣಿ ಸೇರಿಸಿದ್ದರು.

ಅರಬ್ಬಿ ಬಲ್ಲ ನೆರೆಹೊರೆಯವರು ಹಬ್ಬಕ್ಕೆ ಬರದಿದ್ದರೆ ಅನುವಾದವೇ ದಂಡ. ಆದ್ದರಿಂದ ಅಚ್ಚಿಗೆ ಮೊದಲು ಪಕ್ಕದ ಮನೆಯ ಅರಬ್ ಟ್ಯಾಕ್ಸಿ ಚಾಲಕನಿಗೆ ಕರಡು ತೋರಿಸಿದರು.

ಅವನು ಓದಿ, “ಬರ್ತೀನಕ್ಕಾ. ಕೈ ತೊಳೆಯೋಕೆ ನೀರಿರುತ್ತಾ?” ಎಂದ.

“ಅದಿರ್ಲಿ, ಯಾವತ್ತು ಬರ್ತೀಯಪ್ಪಾ?”

“ದಿನ ಎಲ್ಲಿ ಬರ್ದಿದೀರಿ?”

ಅಣ್ಣ ನಕ್ಕುಬಿಟ್ಟ. “ಮೂಗಿಗಿಂತ ಮೂಗುತಿ ಭಾರ ಆಯ್ತು ಕಣೇ!”

ಅತ್ತಿಗೆ ಮುಖ ಊದಿಸಿಕೊಂಡೇ ಕತ್ತರಿ ಆಡಿಸಿದರು. ‘ದೀಪಾವಳಿ’ ಹೆಸರು ಹಾಗೆಯೇ ನಿಂತಿತು. ಆವರಣದಲ್ಲಿ ‘ಬೆಳಕಿನ ಹಬ್ಬ’ ಎಂದಷ್ಟೇ ಉಳಿಯಿತು. ಗಾದೆಯ ಜಾಗದಲ್ಲಿ ಅರಬ್ಬರದೇ ಗಾದೆ ಬಂದಿತು: ‘ಮನ್ ಜದ್ದ ವಜದ’, ದುಡಿದವನಿಗೆ ದಕ್ಕಿತು. ಅದಕ್ಕೆ ಟಿಪ್ಪಣಿಯೇ ಬೇಕಾಗಲಿಲ್ಲ. ಟಿಪ್ಪಣಿಯಿದ್ದ ಜಾಗದಲ್ಲಿ ಹಬ್ಬದ ದಿನ, ಹೊತ್ತು ದಪ್ಪ ಅಕ್ಷರದಲ್ಲಿ ಕೂತವು.

ಬಾಡಿಗೆಗೆ ಹೊರಟಿದ್ದ ಚಾಲಕ ಮತ್ತೆ ಓದಿದ. “ಶುಕ್ರವಾರ ಸಂಜೆ. ಮನೆಯವ್ರನ್ನೂ ಕರ್ಕೊಂಡು ಬರ್ತೀನಿ.”

ಅತ್ತಿಗೆಗೆ ಹೋದ ಜೀವ ಬಂದಂತಾಯಿತು. ಆ ಸಂತೋಷದಲ್ಲಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, ಕತ್ತರಿಸಿದ ಸಾಲುಗಳನ್ನೆಲ್ಲ ಬಾಯಿಯಲ್ಲಿ ವಿವರಿಸತೊಡಗಿದರು. ಕೆಳಗೆ ಟ್ಯಾಕ್ಸಿಯಲ್ಲಿ ಕಾಯುತ್ತಿದ್ದ ಪ್ರಯಾಣಿಕ ಹಾರ್ನ್ ಒತ್ತುತ್ತಲೇ ಇದ್ದ.