ಸನ್ಮತಿ ಸರ್ ಮತ್ತು ಜೋತುಬಿದ್ದ ಪಾದ

ಸನ್ಮತಿ ಸರ್ ನಮ್ಮ ಮಿರಜಿನ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ, ಅಂದರೆ ಶರೀರರಚನೆ, ಕಲಿಸುತ್ತಾರೆ. ನಾನು ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಮೇಜಿನವಳು, ಅವರ ಸಂಶಯವನ್ನು ವರ್ಷಗಟ್ಟಲೆ ಸಹಿಸಿಕೊಂಡವಳು. ಅವರ ಪ್ರಕಾರ ಚಹಾದವನು ಹಾಲಿಗೆ ನೀರು ಬೆರೆಸುತ್ತಾನೆ, ರಜೆ ಕೇಳಿದವನಿಗೆ ಜ್ವರವೇ ಇರುವುದಿಲ್ಲ, ಸರಿಯುತ್ತರ ಬರೆದ ಹುಡುಗಿ ನಕಲು ಹೊಡೆದಿರುತ್ತಾಳೆ.

ಮೌಖಿಕ ಪರೀಕ್ಷೆಯಲ್ಲಂತೂ ಅವರ ಮುಂದೆ ಕೂತವರ ಬೆವರು ಇಳಿಯುತ್ತಿತ್ತು. ‘ಪಾದ ಜೋತುಬಿದ್ದದ. ಯಾವ ನರ?’ ಎಂದರೆ ಎಲ್ಲರೂ ಬಾಯಿಪಾಠದಿಂದ ‘ಕಾಮನ್ ಪೆರೋನಿಯಲ್’ ಎನ್ನುವರು. ಸರ್ ಬಿಡುತ್ತಿರಲಿಲ್ಲ. ‘ಯಾಕ? ಮ್ಯಾಲೆ ಕುಂಡಿಯಾಗ ಸಯಾಟಿಕ್ ನರಕ್ಕ ಪೆಟ್ಟು ಬಿದ್ದಿರಬಾರದೇನು? ತುದಿಗಾಲ ಮ್ಯಾಲೆ ನಿಲ್ಲಿಸಿ ನೋಡಿದಿಯೇನು? ಪಾದ ಒಳಗ ತಿರುಗಿಸಲಿಕ್ಕೆ ಹೇಳಿದಿಯೇನು?’ ಸಯಾಟಿಕ್ ನರವೇ ಮೊಣಕಾಲಿನ ಹತ್ತಿರ ಪೆರೋನಿಯಲ್, ಟಿಬಿಯಲ್ ಎಂದು ಎರಡಾಗುತ್ತದೆ; ತುದಿಗಾಲಲ್ಲಿ ನಿಲ್ಲುವುದು, ಪಾದ ಒಳಗೆ ತಿರುಗಿಸುವುದು ಟಿಬಿಯಲ್ ನರದ ಸ್ನಾಯುಗಳ ಕೆಲಸ. ಅವು ಗಟ್ಟಿಯಿದ್ದು, ಪಾದ ಮೇಲೆತ್ತುವ ಮತ್ತು ಹೊರಗೆ ತಿರುಗಿಸುವ ಸ್ನಾಯುಗಳು ಮಾತ್ರ ಸತ್ತಿದ್ದರೆ ಪೆಟ್ಟು ಪೆರೋನಿಯಲ್ ನರಕ್ಕೆ. ಕಲಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅದನ್ನು ಒಪ್ಪುತ್ತೇನೆ.

ಕಳೆದ ವರ್ಷ ಆ ಪ್ರಶ್ನೆ ಅವರ ಮನೆಗೇ ಬಂತು. ಅವರ ಊರು ಕಸಬೆ ಡಿಗ್ರಜದಲ್ಲಿ ತಂದೆ ತಾತ್ಯಾಸಾಹೇಬರು ಕಬ್ಬಿನ ಬದುವಿನ ಮೇಲೆ ಜಾರಿ ಮೊಣಕಾಲು ಉಳುಕಿಸಿಕೊಂಡರು. ಊರಿನ ಗುರಲಿಂಗ ಡಾಕ್ಟರು ನೋವಿಗೆಂದು ಕುಂಡಿಗೆ ಇಂಜೆಕ್ಷನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆ ಕಾಲಿನ ಪಾದ ಜೋತುಬಿತ್ತು. ಮುದುಕರು ಮೊಣಕಾಲನ್ನು ಎತ್ತೆತ್ತಿ ಹಾಕಿ, ಚಪ್ಪಲಿ ಪಟ್ ಪಟ್ ಅನ್ನಿಸುತ್ತ ನಡೆಯತೊಡಗಿದರು.

ಸರ್ ಅಲ್ಲೇ ಪರೀಕ್ಷಿಸಿದರು. ತುದಿಗಾಲಲ್ಲಿ ನಿಲ್ಲಲು ಬಂತು, ಪಾದ ಒಳಗೆ ತಿರುಗಿತು. ಮೇಲಕ್ಕೂ ಹೊರಕ್ಕೂ ಮಾತ್ರ ಅಲುಗಲಿಲ್ಲ.

‘ಹಂಗಿದ್ರ ಪೆಟ್ಟು ಕೆಳಗ, ಮೊಣಕಾಲ ಹತ್ರ ಅಲ್ಲೇನ್ರಿ ಸರ್?’ ಎಂದು, ಕಾಲೇಜಿಗೆ ಬಂದು ಅವರು ಇದನ್ನೆಲ್ಲ ಹೇಳಿದಾಗ, ನಾನು ಕೇಳಿದೆ.

‘ಮ್ಯಾಲಿಂದೂ ಆಗಬಹುದು. ಸಯಾಟಿಕ್ ಒಳಗ ಎರಡು ಭಾಗ ಅದಾವ. ಸೂಜಿ ಪೆರೋನಿಯಲ್ ಭಾಗಕ್ಕಷ್ಟ ತಾಗಿದ್ರೂ ಹಿಂಗ ಕಾಣತದ. ಆ ಗುರಲಿಂಗ ಕೈ ತಪ್ಪ್ಯಾನ, ಮುಚ್ಚಿಡಾಕತ್ಯಾನ.’

ಮಾತು ಸುಳ್ಳಲ್ಲ, ಹಾಗಾಗುವುದುಂಟು. ಆದರೆ ಸರ್ ಅಷ್ಟಕ್ಕೇ ನಿಲ್ಲಲಿಲ್ಲ. ಗುರಲಿಂಗರ ದವಾಖಾನೆಗೆ ಹೋಗಿ, ಅಲ್ಲಿ ಕೂತಿದ್ದ ರೋಗಿಗಳ ಎದುರೇ ಕೂಗಾಡಿದರು, ಪೊಲೀಸರಿಗೆ ದೂರು ಕೊಡುತ್ತೇನೆಂದರು. ಕಾಲೇಜಿನ ಮಾಸ್ತರ ಮಾತೆಂದರೆ ಊರಿಗೆ ಸಾಕು. ಗುರಲಿಂಗರ ದವಾಖಾನೆಯ ಬೆಂಚುಗಳು ಖಾಲಿಯಾದವು. ನನಗೆ ಆ ಮನುಷ್ಯನ ಬಗ್ಗೆ ಬಹಳ ಕನಿಕರವಾಯಿತು.

ದೂರಿಗೆ ಗಟ್ಟಿ ಪುರಾವೆ ಬೇಕೆಂದು ಸರ್ ತಂದೆಯನ್ನು ಮಿರಜಿಗೆ ಕರೆತಂದರು. ನರಗಳ ಪರೀಕ್ಷೆ ಮಾಡುವ ಡಾಕ್ಟರ್ ಕಾಂಚನ ನನ್ನ ಗೆಳತಿ, ಹಾಗಾಗಿ ನಾನೂ ಜೊತೆಗಿದ್ದೆ. ಅವಳು ತೊಡೆಯ ಹಿಂದಿನ ಬೈಸೆಪ್ಸ್ ಸ್ನಾಯುವಿನ ‘ಗಿಡ್ಡ ತಲೆ’ ಎನ್ನುವ ಕವಲಿಗೆ, ಅದರ ವಿದ್ಯುತ್ ಅಳೆಯುವ ಸೂಜಿ ಚುಚ್ಚಿದಳು. ತೊಡೆಯಲ್ಲಿ ಪೆರೋನಿಯಲ್ ಭಾಗದಿಂದ ನಡೆಯುವ ಸ್ನಾಯು ಅದೊಂದೇ. ಕುಂಡಿಯಲ್ಲಿ ಆ ಭಾಗ ಕೆಟ್ಟಿದ್ದರೆ ಅದೂ ಕೆಡಬೇಕಿತ್ತು. ಅದಕ್ಕೇನೂ ಆಗಿರಲಿಲ್ಲ. ನರದಲ್ಲಿ ವಿದ್ಯುತ್ ಹರಿಸಿದಾಗ, ಮೊಣಕಾಲಿನ ಕೆಳಗೆ ಹೊರಮಗ್ಗುಲಲ್ಲಿ ನರ ಎಲುಬನ್ನು ಸುತ್ತಿ ಬರುವ ಜಾಗದಲ್ಲೇ ಸಂದೇಶ ಕುಂದುತ್ತಿತ್ತು.

‘ಇಂಜೆಕ್ಷನ್‌ದಿಂದ ಆಗಿಲ್ಲರಿ ಸರ್,’ ಎಂದಳು ಕಾಂಚನ. ಆಮೇಲೆ ಮುದುಕರ ಕಡೆ ತಿರುಗಿ, ‘ಕಾಕಾ, ಇಲ್ಲೇ ಏನರ ಬಿಗಿಯಾಗಿ ಕಟ್ಟಿದ್ರೇನ್ರಿ?’ ಎಂದು ಕೇಳಿದಳು.

‘ನಮ್ಮ ಮನ್ಯಾಕಿ ಅರಿಶಿಣದ ಲೇಪ ಹಚ್ಚಿದಳವ್ವ. ಜಾರಿದ ದಿನಾನ ಅದರ ಮ್ಯಾಲೆ ಸನ್ಮತಿ ಪಟ್ಟಿ ಕಟ್ಟಿದ. ನಾ ಬಿಚ್ಚಿ ಹೊಲಕ್ಕ ಹೋಗತೇನಿ ಅಂತ ಅವಗ ಸಂಶೇ. ಗಂಟು ಒಳಗಿನ ಮಗ್ಗಲಿಗಿದ್ರ ಇನ್ನೊಂದು ಕಾಲಿಗೆ ತಾಕತದ ಅಂತ ಹೊರಗಿನ ಮಗ್ಗಲಿಗೆ ಹಾಕಿದ, ಅದರ ಮ್ಯಾಲೆ ಇನ್ನೊಂದು ಗಂಟು.’

ಸರ್ ಅವರ ಮುಖ ಬಿಳಿಚಿತು. ಕಾಲಿನಲ್ಲಿ ಅತಿ ಸುಲಭವಾಗಿ ಪೆಟ್ಟು ತಿನ್ನುವ ನರ ಯಾವ ಜಾಗದಲ್ಲಿದೆ ಎಂದು ಪ್ರತಿವರ್ಷ ಕೇಳುವವರು ಇವರೇ.

‘ಜುಮು ಜುಮು ಅನಲಿಲ್ಲೇನ್ರಿ ಅಪ್ಪಾ? ಯಾಕ ಬಿಚ್ಚಲಿಲ್ಲ?’

‘ಅಂತಿತ್ತಪ್ಪ. ಬಿಚ್ಚಿದ್ರ ನೀ ನಂಬತಿದ್ದಿಯೇನು?’

ಪಾದವನ್ನು ಎತ್ತಿ ಹಿಡಿಯುವ ಆಸರೆ ಕೊಟ್ಟು, ವ್ಯಾಯಾಮ ಹೇಳಿ, ಕೆಲವು ತಿಂಗಳಲ್ಲಿ ಬಹುತೇಕ ಸರಿಹೋಗಬಹುದು ಎಂದು ಕಾಂಚನ ಸಮಾಧಾನ ಮಾಡಿದಳು.

ಅಲ್ಲಿಂದ ಸರ್ ನೇರ ಡಿಗ್ರಜಕ್ಕೆ ಹೊರಟರು. ಒಬ್ಬರೇ ಹೋಗಲು ಧೈರ್ಯವಿರಲಿಲ್ಲವೋ ಏನೋ, ನನ್ನನ್ನೂ ಕರೆದರು. ದವಾಖಾನೆಯ ಬಾಗಿಲಲ್ಲೇ ನಿಂತು, ಓಣಿಯವರಿಗೆಲ್ಲ ಕೇಳುವ ಹಾಗೆ ಹೇಳಿದರು: ‘ಡಾಕ್ಟರ್, ನಿಮ್ಮದೇನೂ ತಪ್ಪಿಲ್ಲ. ನಾ ಕಟ್ಟಿದ ಪಟ್ಟಿಯಿಂದ ಆತು. ತಪ್ಪು ನಂದು.’

ಗುರಲಿಂಗರು ಕೂತಲ್ಲಿಂದ ಏಳಲಿಲ್ಲ. ‘ಖರೇನ ಹೇಳಾಕತ್ತೀರೇನ್ರಿ ಸರ್,’ ಎಂದರು, ‘ಇಲ್ಲಾ ಇದರಾಗೂ ಏನರ ಐತಿ?’