ಗಂಗಕ್ಕನ ಬುಟ್ಟಿ, ಸೌಮ್ಯನ ಚಾನೆಲ್

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ಕೋಲಸಿರ್ಸಿಯ ಸೌಮ್ಯನ ಪಾಲಿಗೆ ಗಾದೆಯಲ್ಲ, ದಿನಚರಿ. ಸಿದ್ದಾಪುರ ಪೇಟೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿಯಿದೆ. ಕೈ ಚುರುಕು, ಮನಸ್ಸು ಒಳ್ಳೆಯದು, ಬಾಯಿ ಮಾತ್ರ ಯಾವಾಗಲೂ ಕೆಲಸಕ್ಕಿಂತ ಒಂದು ಮಾರು ಮುಂದೆ.

ಅವಳ ಯೂಟ್ಯೂಬ್ ಚಾನೆಲ್ಲಿನ ಕಥೆಯೂ ಹಾಗೇ ಆಯಿತು. ರವಿಕೆ ಕತ್ತರಿಸುವುದು, ಫಾಲ್ಸ್ ಹಚ್ಚುವುದು ಎಂದು ವಿಡಿಯೋ ಹಾಕುತ್ತಿದ್ದಳು. ನೋಡುವವರು ಅಷ್ಟಕ್ಕಷ್ಟೇ. ಪಕ್ಕದ ಮನೆಯ ಗಂಗೆಗೂ ಒಂದು ಚಾನೆಲ್ ಇತ್ತು. ಅದನ್ನು ಮಾಡಿಕೊಟ್ಟವಳೂ ಸೌಮ್ಯನೇ. ಗಂಗೆ ಭೂಮಿ ಹುಣ್ಣಿಮೆಯ ಬುಟ್ಟಿ ಬರೆಯುವವಳು. ಹಬ್ಬದ ದಿನ ಭೂಮಿತಾಯಿಗೆಂದು ಗದ್ದೆಗೆ ಎಡೆ ಹೊತ್ತೊಯ್ಯುವ ಆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆ ಎಳೆದರೆ ಕಣ್ಣು ಕೀಳಲಾಗದು. ಆದರೆ ಅವಳ ವಿಡಿಯೋಗಳೂ ಮೂಲೆಯಲ್ಲೇ ಬಿದ್ದಿದ್ದವು.

"ಗಂಗಕ್ಕಾ, ನಾಟಿಗೆ ಮುಯ್ಯಾಳು ಹೋಗ್ತಿವಲ್ಲ, ಹಂಗೇ ಮಾಡನ" ಎಂದಳು ಸೌಮ್ಯ ಒಂದು ದಿನ. "ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ನಿನ್ನ ವಿಡಿಯೋ ನನ್ನ ಚಾನೆಲ್ಲಲ್ಲೂ ಇರ್ಲಿ, ನಂದು ನಿಂದ್ರಲ್ಲಿ ಇರ್ಲಿ. ಇಬ್ರಿಗೂ ಜನ ಬರ್ತ್ರು."

"ನಂಗೆಂತ ಗೊತ್ತು ಮಾರಾಯ್ತಿ, ನೀ ಹೇಳಿದ ಹಂಗೆ" ಎಂದಳು ಗಂಗೆ.

ಮುಯ್ಯಿಯ ಫಸಲು ಬಂದದ್ದು ಮಾತ್ರ ಒಂದೇ ಗದ್ದೆಗೆ. ಗಂಗೆಯ ಬುಟ್ಟಿಗಳು ಸೌಮ್ಯನ ಚಾನೆಲ್ಲಿನಲ್ಲಿ ಓಡಿದವು, ಓಡಿ ಓಡಿ ಸಾವಿರ ಚಂದಾದಾರರನ್ನು, ನಾಲ್ಕು ಸಾವಿರ ಗಂಟೆ ವೀಕ್ಷಣೆಯನ್ನು ತಂದು ಅವಳ ಅಂಗಳಕ್ಕೆ ಸುರಿದವು. ಸೌಮ್ಯನ ರವಿಕೆಗಳನ್ನು ಗಂಗೆಯ ಚಾನೆಲ್ಲಿನಲ್ಲಿ ಮೂಸುವವರಿಲ್ಲ. ಈ ಲೆಕ್ಕ ಸೌಮ್ಯನಿಗೆ ಕಾಣಲಿಲ್ಲವೆ? ಕಂಡಿತ್ತು. ಕಂಡದ್ದನ್ನೆಲ್ಲ ಹೇಳಬೇಕೆಂದು ಯಾರು ಬರೆದಿದ್ದಾರೆ!

ಅಷ್ಟಾದರೆ ಜಾಹೀರಾತಿನ ದುಡ್ಡಿನಲ್ಲಿ ಪಾಲು ಕೇಳಬಹುದು; ಯೂಟ್ಯೂಬಿನ ಆ ಪಾಲುದಾರಿಕೆಗೆ ಅರ್ಜಿ ಹಾಕಿದ ದಿನವೇ ಬಸ್ಸಿನಲ್ಲಿ, ಅಂಗಡಿಯಲ್ಲಿ, ಸಂಘದ ಸಭೆಯಲ್ಲಿ "ನಂದು ಪಾಸಾತು" ಎಂದು ಸಾರಿಬಿಟ್ಟಳು. ಪಾಸೆಲ್ಲಿ ಬಂತು? ಪರದೆಯ ಮೇಲೆ ಇದ್ದದ್ದು 'ಪರಿಶೀಲನೆಯಲ್ಲಿದೆ' ಎಂಬ ಒಂದು ಸಾಲು. ಬೆಳಿಗ್ಗೆ ನೋಡಿದರೂ ಅದೇ, ಮಧ್ಯಾಹ್ನ ನೋಡಿದರೂ ಅದೇ. ವಾರಗಳು ಕಳೆದವು. ಬಸ್ಸಿನಲ್ಲಿ ಯಾರಾದರೂ "ಎಷ್ಟು ಬಂತೇ ದುಡ್ಡು?" ಎಂದರೆ ಕಿಟಕಿಯ ಹೊರಗೆ ನೋಡತೊಡಗಿದಳು.

ಕೊನೆಗೆ ಪೇಟೆಯ ಮೊಬೈಲ್ ಅಂಗಡಿಯ ಯಾಸೀನ್ ಬಳಿ ಹೋದಳು. ಇಂಥ ಹತ್ತಾರು ಚಾನೆಲ್ಲುಗಳ ಗೋಳು ಕೇಳಿದವನು ಅವನು.

"ಸಾಮಾನ್ಯ ಒಂದು ತಿಂಗ್ಳು ಹಿಡೀತದೆ ಅಕ್ಕಾ, ಅರ್ಜಿ ಜಾಸ್ತಿ ಇದ್ರೆ ಇನ್ನೂ ತಡ. ಅವಸರ ಮಾಡಿ ಆಗೂದಿಲ್ಲ. ಮನುಷ್ಯರು ಕೂತು ನೋಡ್ತಾರೆ" ಎಂದವನು, ಸುಮ್ಮನೆ ಅವಳ ಚಾನೆಲ್ ತೆರೆದು ಕೆಳಗೆ ಮೇಲೆ ಸರಿಸಿದ. "ಈ ಬುಟ್ಟಿ ಯಾರದು?"

"ನಮ್ಮ ಗಂಗಕ್ಕಂದು. ಅವಳೇ ಒಪ್ಪಿ ಕೊಟ್ಟದ್ದು."

ಯಾಸೀನ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ಹಾರ್ನ್ ಹಾಕಿತು, ಸೌಮ್ಯ ಓಡಿದಳು. ಕೇಳಬಾರದ ಮಾತು ಬರುವಾಗ ಬಸ್ಸು ಒಳ್ಳೆಯ ನೆಪ.

ಮರುವಾರ ಮೇಲ್ ಬಂತು. ಅರ್ಜಿ ತಿರಸ್ಕೃತ. ಕಾರಣ: ಮರುಬಳಕೆಯ ವಿಷಯ. ಸೌಮ್ಯನ ಮುಖ ಸುಟ್ಟುಹೋಯಿತು. ಊರಿಡೀ ಪಾಸೆಂದು ಕುಣಿದಿದ್ದಳಲ್ಲ! ಅವಮಾನಕ್ಕೆ ಯಾವಾಗಲೂ ಒಂದು ಬಲಿ ಬೇಕು. ಬಸ್ಸಿಳಿದವಳೇ ಸೀದಾ ಗಂಗೆಯ ಜಗುಲಿಗೆ ನಡೆದಳು.

"ನಿನ್ನ ಬುಟ್ಟಿ ವಿಡಿಯೋದಿಂದ ನನ್ನ ಚಾನೆಲ್ ಹಾಳಾತು. ಅದು ಎರಡು ಕಡೆ ಇದ್ದದ್ದಕ್ಕೇ ನನ್ನ ಅರ್ಜಿ ತಳ್ಳಿ ಹಾಕಿದ್ರು" ಎಂದಳು. ಗಂಗೆಯ ಕೈಯಲ್ಲಿದ್ದ ಪುಂಡಿನಾರಿನ ಕುಂಚ ಅಲ್ಲೇ ನಿಂತಿತು.

ಮರುದಿನ ಸೌಮ್ಯ ಫೋನು ಹಿಡಿದು ಮತ್ತೆ ಯಾಸೀನ್ ಮುಂದೆ ನಿಂತಳು. ಈ ಸಲ ಬಸ್ಸಿನ ನೆಪವಿರಲಿಲ್ಲ.

"ಅಕ್ಕಾ, ಅವ್ರು ಒಪ್ಪಿಗೆ ಕೊಟ್ಟಿದ್ರೂ ಇದು ನಡೆಯೂದಿಲ್ಲ. ಕಾಪಿರೈಟ್ ಬೇರೆ, ಇದು ಬೇರೆ. ಬೇರೆಯವ್ರ ವಿಡಿಯೋನ ನಿಮ್ದು ಅಂತ ಏನೂ ಸೇರಿಸ್ದೆ ಹಂಗೇ ಹಾಕಿದ್ರೆ ಮರುಬಳಕೆ ಅಂತಾರೆ. ಜಾಸ್ತಿ ಓಡಿದ ವಿಡಿಯೋ ಯಾವುದು, ಜಾಸ್ತಿ ಗಂಟೆ ತಂದದ್ದು ಯಾವುದು ಅಂತ ನೋಡ್ತಾರೆ. ನಿಮ್ದರಲ್ಲಿ ಎಲ್ಲಾ ಬುಟ್ಟಿನೇ."

"ಹಂಗಾದ್ರೆ ಗಂಗಕ್ಕಂದೇ ತಪ್ಪಲ್ಲನಾ?"

"ಅವ್ರದೇನು ತಪ್ಪು? ಅವ್ರ ಬುಟ್ಟಿ, ಅವ್ರ ಚಾನೆಲ್. ತಪ್ಪು ನಿಮ್ಮ ಚಾನೆಲ್ಲಲ್ಲಿ ಇರೂದು." ಯಾಸೀನ್ ಮೆಲ್ಲಗೆ ಹೇಳಿದ. "ಇಪ್ಪತ್ತೊಂದು ದಿನದೊಳಗೆ ಮೇಲ್ಮನವಿ ಹಾಕ್ಬಹುದು. ಹೆಂಗೆ ಮಾಡ್ತೀರಿ ಅಂತ ನೀವೇ ವಿಡಿಯೋ ಮಾಡಿ ತೋರಿಸ್ಬೇಕು. ಬುಟ್ಟಿ ಬರೀತೀರಾ ನೀವು?"

ಸೌಮ್ಯನಿಗೆ ಒಂದು ಎಳೆ ನೆಟ್ಟಗೆ ಎಳೆಯಲು ಬರುತ್ತಿರಲಿಲ್ಲ. ನೆಲ ಬಾಯಿ ಬಿಟ್ಟರೆ ಇಳಿದುಹೋಗಬಹುದಿತ್ತು ಎನಿಸಿತು.

ತಪ್ಪೊಪ್ಪಿಕೊಳ್ಳಲೆಂದು ಸಂಜೆ ಮನೆಗೆ ಬಂದರೆ, ಗಂಗೆ ಅವಳ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖದಲ್ಲಿ ಕೆಲಸ ಮುಗಿಸಿ ಬಂದವಳ ಸಮಾಧಾನ.

"ಎರಡು ಕಡೆ ಇರೂದೇ ತೊಂದ್ರೆ ಅಂದ್ಯಲ್ಲ. ನನ್ನ ಕಡೆದೆಲ್ಲ ತೆಗ್ದು ಹಾಕ್ದೆ, ಒಂದೂ ಬಿಡ್ಲಿಲ್ಲ. ಇನ್ನು ನಿಂದು ಪಾಸಾಗ್ತದೆ, ಅಲ್ಲನೇ?"

ಸೌಮ್ಯ ಗಂಗೆಯ ಫೋನಿಗೆ ಕೈ ಚಾಚಿದಳು.

"ನಿನ್ನ ಫೋನಲ್ಲಾದ್ರೂ ಇದಾವಾ?"

"ಜಾಗಿಲ್ಲ ಅಂತಿತ್ತು, ಯಾವಾಗ್ಲೋ ಅಳ್ಸಿದ್ದೆ. ಅತ್ತೆ ಇದ್ದದ್ದೊಂದು ಇತ್ತು ನೋಡು, ಅದಕ್ಕೆ ಮಾತ್ರ ಹೊಟ್ಟೆ ಚುರ್ ಅಂತು." ಅವಳ ಅತ್ತೆ ಸಿದ್ದವ್ವ ಕಳೆದ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಸೊಸೆಯ ಕೈ ಹಿಡಿದು ಎಳೆ ಕಲಿಸುವ ಒಂದೇ ಒಂದು ವಿಡಿಯೋ ಅದು. "ಇರ್ಲಿ ಬಿಡು. ನಿನ್ನ ಮರ್ಯಾದೆ ದೊಡ್ಡದು."

"ಬೈಯೇ ಗಂಗಕ್ಕಾ, ಚಪ್ಪಲಿ ತಗಂಡು ಹೊಡಿ" ಎಂದಳು ಸೌಮ್ಯ. ಯಾಸೀನ್ ಹೇಳಿದ್ದನ್ನೆಲ್ಲ ಒಂದನ್ನೂ ಮುಚ್ಚಿಡದೆ ಹೇಳಿದಳು. ನಿನ್ನ ಬುಟ್ಟಿಯಿಂದಲೇ ನನ್ನ ಚಾನೆಲ್ ಓಡಿದ್ದು ಮೊದಲಿಂದಲೂ ಗೊತ್ತಿತ್ತು ಎಂಬುದನ್ನೂ ಹೇಳಿದಳು. ಊರಿಗೆಲ್ಲ ಕೇಳುವಂತೆ ಮಾತಾಡುವವಳ ದನಿ ಆಗ ಹೊಸ್ತಿಲು ದಾಟುವಷ್ಟೂ ಇರಲಿಲ್ಲ.

ಗಂಗೆ ಎಲ್ಲ ಕೇಳಿದಳು. ಆಮೇಲೆ, "ಹಂಗಾದ್ರೆ ಅತ್ತೆದು ಸುಮ್ನೇ ಹೋತಾ?" ಎಂದಳು.

ಆಗ ಹೊಳೆಯಿತು ಸೌಮ್ಯನಿಗೆ. ಎತ್ತಿ ಹಾಕಿಕೊಂಡದ್ದೆಲ್ಲ ತನ್ನ ಚಾನೆಲ್ಲಿನಲ್ಲಿ ಇದ್ದೇ ಇದೆ! ಒಂದೊಂದನ್ನೇ ಡೌನ್‌ಲೋಡ್ ಮಾಡಿ ಗಂಗೆಯ ಫೋನಿಗೆ ತುಂಬಿದಳು. ಮೊದಲಿನಷ್ಟು ಸ್ವಚ್ಛವಿಲ್ಲ, ತುಸು ಮಸುಕು. ಗಂಗೆಯ ಚಾನೆಲ್ಲಿಗೆ ಹೊಸದಾಗಿ ಏರಿಸಿದಳು. ಹಿಂದೆ ನೋಡಿದವರ ಗಂಟೆಗಳು ಮಾತ್ರ ಹಿಂದೆ ಬರುವಂತಿರಲಿಲ್ಲ. ಸಿದ್ದವ್ವನ ಸುಕ್ಕುಗಟ್ಟಿದ ಕೈ ಪರದೆಯ ಮೇಲೆ ಮೂಡಿತು. "ಹಿಟ್ಟು ನೀರು ಮಾಡ್ಬೇಡ್ವೇ" ಎಂದು ಮುದುಕಿ ಗದರಿದ್ದೂ ಕೇಳಿಸಿತು. ಗಂಗೆ ಸೆರಗು ಕಣ್ಣಿಗೊತ್ತಿಕೊಂಡಳು.

"ನಿನ್ನ ಹತ್ರ ಇದ್ದದ್ದಕ್ಕೆ ಉಳೀತು ಮಾರಾಯ್ತಿ. ನಿನ್ನ ಮುಯ್ಯಿ ಹೆಂಗೆ ತೀರ್ಸೂದು ನಾನು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು ಸೌಮ್ಯ. ಈ ಮಾತಿಗೆ ತಲೆ ಎತ್ತಲಾಗಲಿಲ್ಲ. ತನ್ನ ಚಾನೆಲ್ ತೆರೆದು ಬುಟ್ಟಿಗಳನ್ನೆಲ್ಲ ಒಂದೊಂದಾಗಿ ಅಳಿಸಿದಳು. ನಾಲ್ಕು ಸಾವಿರ ಗಂಟೆಯಲ್ಲಿ ಉಳಿಯುವುದು ಚಿಲ್ಲರೆ ಎಂದು ಗೊತ್ತಿತ್ತು, ಮೇಲ್ಮನವಿಗೂ ಇನ್ನು ಅರ್ಥವಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಯಾರೋ ಕೂಗಿ ಕೇಳಿದರು: "ಸೌಮ್ಯಾ, ನಿನ್ನ ಚಾನೆಲ್ ಎಲ್ಲಿಗೆ ಬಂತೇ?"

ಅವಳು ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ. ಕಿವಿಯವರೆಗೆ ಕೆಂಪಾದಳು, ಆದರೂ ಹೇಳಿದಳು: "ಪಾಸಾಗ್ಲಿಲ್ಲ. ಅದ್ರಲ್ಲಿ ನಂದು ಅಂಬೂದು ಎಂತದೂ ಇರ್ಲಿಲ್ಲ."