ಬೆಳಗಿನ ಜಾವದ ಕಟ್ಟೆ

ಮೀನುಗಾರಿಕೆ ಇಲಾಖೆಯ ಕೆಲಸಕ್ಕೆ ಮೈಸೂರಿಗೆ ಬಂದ ಮೊದಲ ಬೇಸಿಗೆ ಅದು. ದಟ್ಟಗಳ್ಳಿಯಲ್ಲಿ ಮಹಡಿ ಮೇಲೊಂದು ಬಾಡಿಗೆ ಮನೆ ಹಿಡಿದು ಒಬ್ಬಳೇ ಇದ್ದೆ. ಎಷ್ಟೋ ಭಾನುವಾರಗಳು ಒಂದು ಮಾತೂ ಆಡದೆ ಕಳೆದುಹೋಗುತ್ತಿದ್ದವು.

ನಂಜನಗೂಡಿನ ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಊರ ಕಟ್ಟೆಯನ್ನು ಗುತ್ತಿಗೆಗೆ ಹಿಡಿದು ಮೀನು ಸಾಕಿದ್ದಳು.

"ಬೆಳಿಗ್ಗೆ ಎದ್ರೆ ದೊಡ್ಡ ದೊಡ್ಡ ಕಾಟ್ಲಾ ಮೀನು ಸತ್ತು ತೇಲ್ತಾವೆ ಮೇಡಂ. ನನ್ ಮೈದುನನೇ ವಿಷ ಹಾಕವ್ನೆ."

ನಾನು ಹೋದದ್ದು ಸಂಜೆ. ನೀರು ಹಸಿರುಗಟ್ಟಿ ಬೆಚ್ಚಗಿತ್ತು. ಮೀಟರ್ ಇಳಿಬಿಟ್ಟರೆ ಆಮ್ಲಜನಕ ಧಾರಾಳವಾಗಿತ್ತು.

"ಅಂಗಾದ್ರೆ ವಿಷನೇ ಅಲ್ವಾ?"

"ವಿಷ ಆಗಿದ್ರೆ ಮರಿಮೀನು, ಕಪ್ಪೆ ಎಲ್ಲಾ ಸಾಯ್ಬೇಕಿತ್ತು ಕಣಮ್ಮ. ಬೆಳಗಿನ ಜಾವ ಇನ್ನೊಂದು ಸಲ ನೋಡೋಣ."

ಅವಳ ಮನೆಯಲ್ಲೇ ಉಳಿದೆ. ಗಂಡ ತೀರಿದ ಮೇಲೆ ಪಾಲಿನ ಜಗಳವಾಗಿ, ಪಕ್ಕದಲ್ಲೇ ಇದ್ದ ಮೈದುನನ ಮನೆಯವರು ಮಾತು ಬಿಟ್ಟಿದ್ದರು. ಮುದ್ದೆ ಬಡಿಸುತ್ತಾ, "ಎದುರಿಗೆ ಒಬ್ರು ಕೂತು ಉಂಡು ಎಷ್ಟು ಕಾಲ ಆಯ್ತೋ" ಎಂದಳು. ನನ್ನದೂ ಅದೇ ಪಾಡು. ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಇನ್ನೂ ಕತ್ತಲಿರುವಾಗಲೇ ಕಟ್ಟೆಗೆ ಹೋದೆವು. ಟಾರ್ಚ್ ಬೆಳಕಿನಲ್ಲಿ ನೀರ ತುಂಬ ಮೀನಿನ ಬಾಯಿಗಳು. ಎಲ್ಲವೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮೀಟರ್ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿತ್ತು.

"ಈ ಹಸಿರು ಪಾಚಿ ಹಗಲು ಬಿಸಿಲಲ್ಲಿ ಆಮ್ಲಜನಕ ಕೊಡುತ್ತೆ" ಎಂದೆ. "ಕತ್ತಲಾದ್ರೆ ಕೊಡೋದು ನಿಲ್ಲುತ್ತೆ. ರಾತ್ರಿಯೆಲ್ಲಾ ಪಾಚಿ, ಮೀನು, ತಳದ ಕೆಸರು ಎಲ್ಲವೂ ಇರೋದನ್ನೇ ಎಳ್ಕೊಳ್ತವೆ. ಬೆಚ್ಚಗಿನ ನೀರು ಆಮ್ಲಜನಕ ಹಿಡಿಯೋದೇ ಕಡಿಮೆ. ಸೂರ್ಯ ಹುಟ್ಟೋ ಹೊತ್ತಿಗೆ ಮುಗಿದಿರುತ್ತೆ. ದೊಡ್ಡ ಮೀನುಗಳು ಮೊದಲು ಹೋಗ್ತವೆ."

"ಈಗ ಏನ್ ಮಾಡದು?"

"ಪಂಪಿಟ್ಟು ಇದೇ ನೀರನ್ನ ಮೇಲಕ್ಕೆ ಚಿಮ್ಮಿಸ್ಬೇಕು. ಗಾಳಿ ಬೆರೆಯುತ್ತೆ."

ಪಂಪ್ ಇದ್ದದ್ದು ಮೈದುನನ ಬಳಿ. ಅವಳು ಸೆರಗು ಸಿಕ್ಕಿಸಿಕೊಂಡು ಅವನ ಮನೆಗೆ ಓಡಿದಳು. ಅವನು ಏನೂ ಕೇಳದೆ ಡೀಸೆಲ್ ಪಂಪನ್ನು ಗಾಡಿಯಲ್ಲಿಟ್ಟು ತಳ್ಳಿಕೊಂಡು ಬಂದ. ನೀರು ಮೇಲಕ್ಕೆ ಚಿಮ್ಮಿ ಬೀಳತೊಡಗಿದಂತೆ ಮೀನುಗಳು ಆ ಕಡೆಗೇ ಮುತ್ತಿದವು. ಕೆಲವು ಸತ್ತವು, ಬಹಳಷ್ಟು ಉಳಿದವು. ಬಿಸಿಲೇರಿದಂತೆ ಮೀಟರ್ ಕೂಡ ಮೆಲ್ಲನೆ ಏರಿತು.

"ಊರ್ನೋರ್ ಮುಂದೆಲ್ಲಾ ಹೇಳಿದ್ಯಲ್ಲ, ನಾನು ವಿಷ ಹಾಕೋನಾ ಅತ್ತಿಗೆ?" ಎಂದ ಅವನು.

ಅವಳು ಅತ್ತಳು. "ತಪ್ಪಾಗೋಯ್ತು ಕಣಪ್ಪ. ಬಾ, ಕಾಫಿ ಕುಡಿ."

ಕೆಲವು ದಿನ ಗೊಬ್ಬರ, ಮೇವು ಹಾಕಬೇಡಿ, ಜಾವದ ಹೊತ್ತು ಪಂಪ್ ಓಡಿಸಿ ಎಂದು ಹೇಳಿದೆ. ನನ್ನನ್ನೂ ಕಾಫಿಗೆ ಕರೆದರು. ಅವರಿಬ್ಬರಿಗೂ ಆಡಿಕೊಳ್ಳಬೇಕಾದ ಮಾತು ಬಹಳವಿದೆ ಅನ್ನಿಸಿ, ಆಫೀಸಿಗೆ ಹೊತ್ತಾಯಿತೆಂದು ಹೊರಟೆ.

ಮನೆಗೆ ಬಂದು ಬೀಗ ತೆಗೆದೆ. ನಡೆದದ್ದನ್ನೆಲ್ಲ ಯಾರಿಗಾದರೂ ಹೇಳಬೇಕೆಂದು ಮನಸ್ಸು ತುಂಬಿ ಬಂದಿತ್ತು. ಸ್ನಾನ ಮಾಡಿ, ತಲೆ ಒರೆಸಿಕೊಂಡು ಆಫೀಸಿಗೆ ಹೋದೆ.